ಎದೆ ಹೊಡೆದುಕೊಳ್ಳೋದು ಮೊದಲಾ, ಭಯ ಮೊದಲಾ?

“ಸರ್, ಭಯ ಆದ ಮೇಲೆ ಎದೆ ಡವಡವ ಅನ್ನುತ್ತಾ, ಇಲ್ಲಾ ಎದೆ ಡವಡವ ಅಂದಿದ್ದಕ್ಕೇ ಭಯ ಅಂತ ಅನ್ನಿಸುತ್ತಾ?”

ಎರಡನೆಯದೇ ಸರಿ ಎಂದು 1884ರಲ್ಲಿ ಬರೆದವನು ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್. ಮೈ ನಡುಗಿ, ಉಸಿರು ಬಿಗಿದು, ಬೆವರು ಒಡೆಯುತ್ತದಲ್ಲ, ಆ ಬದಲಾವಣೆಗಳ ಅರಿವೇ ಭಯ. ಅವನ್ನೆಲ್ಲ ತೆಗೆದುಹಾಕಿದರೆ ಉಳಿಯುವುದು ತಣ್ಣನೆಯ ಯೋಚನೆ ಮಾತ್ರ ಎಂದು ಅವನ ವಾದ. 1927ರಲ್ಲಿ ಶರೀರಶಾಸ್ತ್ರಜ್ಞ ವಾಲ್ಟರ್ ಕ್ಯಾನನ್ ಇದಕ್ಕೆ ಗಟ್ಟಿಯಾದ ಆಕ್ಷೇಪ ಎತ್ತಿದ. ಕೋಪದಲ್ಲೂ ಭಯದಲ್ಲೂ ಜ್ವರದಲ್ಲೂ ಎದೆ ಬಡಿತ ಏರುತ್ತದೆ. ಒಂದೇ ಬಡಿತದಿಂದ ಇದು ಕೋಪ, ಇದು ಭಯ ಎಂದು ಗುರುತಿಸುವುದು ಹೇಗೆ? ಗಾಬರಿಯ ಹೊತ್ತಿನಲ್ಲಿ ಮೈಯಲ್ಲಿ ಉಕ್ಕುವ ಹಾರ್ಮೋನಾದ ಅಡ್ರಿನಲಿನ್ ಚುಚ್ಚಿಸಿಕೊಂಡವರಲ್ಲಿ ಹಲವರು “ಭಯವಾದ ಹಾಗೆ ಇದೆ” ಎನ್ನುತ್ತಿದ್ದರೇ ಹೊರತು, ನಿಜಕ್ಕೂ ಭಯಪಡುತ್ತಿರಲಿಲ್ಲ ಎಂಬುದೂ ಆ ಹೊತ್ತಿಗೆ ಗೊತ್ತಿತ್ತು.

ಆ “ಹಾಗೆ” ಎಂಬ ಪದದ ಬೆನ್ನು ಹತ್ತಿದವರು ಸ್ಟ್ಯಾನ್ಲಿ ಶಾಕ್ಟರ್ ಮತ್ತು ಜೆರೋಮ್ ಸಿಂಗರ್. ಅವರು 1962ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಬಹಳ ಜನ ಅದರ ಅರ್ಧ ಕಥೆಯನ್ನಷ್ಟೇ ಹೇಳುತ್ತಾರೆ.

ಕಾಲೇಜು ಹುಡುಗರಿಗೆ ‘ಸುಪ್ರಾಕ್ಸಿನ್’ ಎಂಬ ವಿಟಮಿನ್ ಕೊಡುತ್ತೇವೆ, ಅದು ದೃಷ್ಟಿಯ ಮೇಲೆ ಏನು ಪರಿಣಾಮ ಬೀರುತ್ತದೆ ನೋಡಬೇಕು ಎಂದು ಹೇಳಿದರು. ಅಂಥ ವಿಟಮಿನ್ ಇರಲೇ ಇಲ್ಲ. ಕೊಟ್ಟದ್ದು ಚರ್ಮದಡಿಗೆ ಅರ್ಧ ಮಿಲಿಲೀಟರ್ ಅಡ್ರಿನಲಿನ್ ದ್ರಾವಣ. ಕೆಲವೇ ನಿಮಿಷಗಳಲ್ಲಿ ಎದೆ ಬಡಿತ ಏರಿ, ಕೈ ನಡುಗಿ, ಮುಖ ಬಿಸಿಯಾಗುತ್ತದೆ. ಹೀಗಾಗುತ್ತದೆ ಎಂದು ಕೆಲವರಿಗೆ ಮೊದಲೇ ತಿಳಿಸಿದರು. ಕೆಲವರಿಗೆ ಏನೂ ಹೇಳಲಿಲ್ಲ. ಇನ್ನು ಕೆಲವರಿಗೆ ಕಾಲು ಜೋಮು ಹಿಡಿಯುತ್ತದೆ, ತುರಿಕೆ ಬರುತ್ತದೆ ಎಂದು ಸುಳ್ಳು ಹೇಳಿದರು. ಒಂದು ಗುಂಪಿಗೆ ಬರೀ ಉಪ್ಪುನೀರು. ಆಮೇಲೆ ಕೂರಿಸಿದ ಕೋಣೆಯಲ್ಲಿ ಸಂಶೋಧಕರ ಕಡೆಯವನೇ ಒಬ್ಬ ಇರುತ್ತಿದ್ದ. ಕೆಲವರೆದುರು ಅವನು ಕಾಗದದ ವಿಮಾನ ಹಾರಿಸಿ ಕುಣಿದಾಡುತ್ತಿದ್ದ. ಉಳಿದವರೆದುರು ಅವಮಾನಕರ ಪ್ರಶ್ನೆಗಳಿದ್ದ ಫಾರಂ ತುಂಬುತ್ತಾ ಸಿಡಿದೇಳುತ್ತಿದ್ದ.

ಡವಡವಕ್ಕೆ ಕಾರಣ ಗೊತ್ತಿಲ್ಲದವರು ಕೋಣೆಯ ವಾತಾವರಣ ನೋಡಿಕೊಂಡು ಅದಕ್ಕೆ ಖುಷಿ ಎಂದೋ ಕೋಪ ಎಂದೋ ಹೆಸರಿಡುತ್ತಾರೆ ಎಂಬುದು ಅವರ ನಿರೀಕ್ಷೆ. ಕುಣಿದಾಟದ ಕೋಣೆಯಲ್ಲಿ ಖುಷಿಯ ಅಂಕ ಹೀಗಿತ್ತು: ಮೊದಲೇ ತಿಳಿದವರದ್ದು 0.98, ಏನೂ ಹೇಳಿಸಿಕೊಳ್ಳದವರದ್ದು 1.78, ಸುಳ್ಳು ಹೇಳಿಸಿಕೊಂಡವರದ್ದು 1.90. ಸಿದ್ಧಾಂತ ಗೆದ್ದ ಹಾಗೆ ಕಾಣುತ್ತದೆ. ಆದರೆ ಉಪ್ಪುನೀರಿನವರ ಅಂಕ 1.61! ಅಡ್ರಿನಲಿನ್ನೇ ಇಲ್ಲದೆ ಅವರು ಹೆಚ್ಚುಕಡಿಮೆ ಅಷ್ಟೇ ಖುಷಿಯಾಗಿದ್ದರು. ಇನ್ನು ಕೋಪದ ಕೋಣೆಯಲ್ಲಿ ಎಲ್ಲ ಗುಂಪುಗಳ ಸರಾಸರಿಯೂ ಖುಷಿಯ ಕಡೆಗೇ ವಾಲಿತ್ತು, ಅಂದರೆ ತಮ್ಮ ಬಾಯಿಂದ ಅವರು ಸಿಟ್ಟು ಬಂತೆಂದು ಹೇಳಿಕೊಂಡಿರಲೇ ಇಲ್ಲ. 1979ರಲ್ಲಿ ಮಾರ್ಷಲ್ ಮತ್ತು ಜಿಂಬಾರ್ಡೊ ಖುಷಿಯ ಭಾಗವನ್ನು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಈ ಪ್ರಯೋಗವನ್ನು ಪುರಾವೆ ಎನ್ನಲು ನಾನು ಒಪ್ಪುವುದಿಲ್ಲ. ಅದು ಎತ್ತಿದ ಪ್ರಶ್ನೆ ಮಾತ್ರ ಒಳ್ಳೆಯದು.

ಮನಶ್ಶಾಸ್ತ್ರಜ್ಞ ರಿಚರ್ಡ್ ಲಾಜರಸ್ ಆ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿದ. ಮೈಗೆ ಏನನ್ನೂ ಚುಚ್ಚದೆ, ಕಣ್ಣೆದುರಿನ ಸಂಗತಿಯ ಅರ್ಥವನ್ನು ಮಾತ್ರ ಬದಲಿಸಿದರೆ ಏನಾಗುತ್ತದೆ? 1964ರ ಅಧ್ಯಯನದಲ್ಲಿ ಅವನ ತಂಡ ಮೈ ಕೊಯ್ಯುವ ದೀಕ್ಷಾವಿಧಿಯೊಂದರ ಚಿತ್ರವನ್ನು ಬೇರೆಬೇರೆ ನಿರೂಪಣೆಯೊಂದಿಗೆ ತೋರಿಸಿತು. ಒಂದರಲ್ಲಿ ನೋವು ಎದ್ದು ಕಾಣುವ ಮಾತು, ಇನ್ನೊಂದರಲ್ಲಿ ಇದರಿಂದ ತೊಂದರೆಯೇನಿಲ್ಲ ಎಂಬ ಮಾತು, ಮತ್ತೊಂದರಲ್ಲಿ ಸಂಶೋಧಕನ ನಿರ್ಲಿಪ್ತ ವಿವರಣೆ. ದೃಶ್ಯ ಒಂದೇ ಆದರೂ, ನೋವನ್ನು ಒತ್ತಿ ಹೇಳಿದಾಗ ಬೆವರಿನ ಪ್ರತಿಕ್ರಿಯೆ ಹೆಚ್ಚಿತು, ಉಳಿದೆರಡರಲ್ಲಿ ತಗ್ಗಿತು. ‘ಇದು ನನಗೆ ಏನು, ಇದನ್ನು ನಿಭಾಯಿಸಬಲ್ಲೆನೇ’ ಎಂಬ ಅಂದಾಜೇ ಭಾವನೆಯನ್ನೂ ಮೈಯನ್ನೂ ನಡೆಸುತ್ತದೆ ಎನ್ನುವವರಿಗೆ ಇದು ಗಟ್ಟಿ ನೆಲೆ.

ಮನಶ್ಶಾಸ್ತ್ರಜ್ಞೆ ಲೀಸಾ ಫೆಲ್ಡ್‌ಮನ್ ಬ್ಯಾರೆಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಅವರ ಪ್ರಕಾರ ಮೈಯೂ ಅಂದಾಜೂ ಒಂದರ ಹಿಂದೆ ಒಂದು ಸರದಿಯಲ್ಲಿ ನಿಂತಿಲ್ಲ. ಮುಂದೆ ಏನಾಗಬಹುದು, ಅದಕ್ಕೆ ಮೈಯಲ್ಲಿ ಎಷ್ಟು ಶಕ್ತಿ ಬೇಕು ಎಂದು ಮಿದುಳು ಹಿಂದಿನ ಅನುಭವದಿಂದ ಮೊದಲೇ ಊಹಿಸುತ್ತದೆ, ಆ ಊಹೆಯೇ ಎದೆ ಬಡಿತವನ್ನು ಏರಿಸುತ್ತದೆ. ಆ ಏರಿಳಿತಕ್ಕೆ ನಾವು ಕಲಿತ ಪರಿಕಲ್ಪನೆಗಳು ಅರ್ಥ ಕೊಟ್ಟಾಗ ಭಾವನೆ ರೂಪುಗೊಳ್ಳುತ್ತದೆ. ‘ಹೊಟ್ಟೆಕಿಚ್ಚು’, ‘ಕರುಳು ಚುರುಕ್ ಎನ್ನುವುದು’ ಎಂಬ ಮಾತುಗಳನ್ನು ಕೇಳುತ್ತಾ ಬೆಳೆದವರಿಗೆ ಹೊಟ್ಟೆಯ ಸಂಕಟವನ್ನು ವಿಂಗಡಿಸಲು ಆ ಪದಗಳೂ ನೆರವಾಗುತ್ತವೆ ಎಂದು ಈ ಲೆಕ್ಕದಲ್ಲಿ ಹೇಳಬಹುದು. ಒಂದೊಂದು ಭಾವನೆಗೂ ದೇಹದಲ್ಲಿ ಅದರದ್ದೇ ಬೆರಳಚ್ಚು ಇದೆಯೇ ಎಂದು ಸುಮಾರು 200 ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಗೆ ಅಂಥ ಸ್ಥಿರ ಗುರುತು ಸಿಗಲಿಲ್ಲ. ಒಂದೇ ಭಯದಲ್ಲಿ ಒಬ್ಬರ ಬಡಿತ ಏರಬಹುದು, ಇನ್ನೊಬ್ಬರದ್ದು ಇಳಿಯಬಹುದು.

ಆದರೂ ಬ್ಯಾರೆಟ್ ಅವರ ವಾದದಲ್ಲಿ ನನಗೊಂದು ತೊಡಕು ಕಾಣುತ್ತದೆ. ಬಡಿತ ಏರಿದರೂ ಇಳಿದರೂ ‘ಅದು ಆ ಸಂದರ್ಭದ ರಚನೆ’ ಎನ್ನಬಹುದಾದರೆ, ಯಾವ ಫಲಿತಾಂಶ ಬಂದರೆ ಸಿದ್ಧಾಂತ ತಪ್ಪೆಂದು ಒಪ್ಪಬೇಕು? ಪದಗಳನ್ನೇ ಕಲಿಯದ ಇಲಿ ಹಾವನ್ನು ಕಂಡು ಮರಗಟ್ಟುವುದನ್ನು ಭಯ ಎನ್ನಬೇಕೇ, ಬರೀ ರಕ್ಷಣಾ ಪ್ರತಿಕ್ರಿಯೆ ಎನ್ನಬೇಕೇ ಎಂಬ ಜಗಳವೂ ಇದೇ ತೊಡಕಿನ ಇನ್ನೊಂದು ಮುಖ.

ಹಾಗಾಗಿ ನನ್ನ ಉತ್ತರ: ಮೊದಲು, ಆಮೇಲೆ ಎಂಬ ಗೆರೆ ಇಲ್ಲಿ ನಿಲ್ಲುವುದಿಲ್ಲ. ಇಂಟರ್‌ವ್ಯೂಗೆ ಮುಂಚೆ ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದವರ ಎದೆ ಹೊಡೆದುಕೊಂಡರೆ, ಅದರಲ್ಲಿ ಕಾಫಿಯದ್ದೆಷ್ಟು, ಅಳುಕಿನದ್ದೆಷ್ಟು ಎಂದು ಬಡಿತವನ್ನಷ್ಟೇ ಎಣಿಸಿ ಹೇಳಲು ಆಗುವುದಿಲ್ಲ. ಕಾಫಿ ಕುಡಿದದ್ದು ನೆನಪಾದಾಗ ಅಳುಕು ತುಸು ತಗ್ಗಿದರೆ, ಹೆಸರಿಡುವುದೂ ಒಂದಿಷ್ಟು ಕೆಲಸ ಮಾಡುತ್ತಿತ್ತು ಎನ್ನಬಹುದು. ಕಾಫಿಯ ನೆನಪಾದರೂ ಅಳುಕು ಹಾಗೇ ಉಳಿದರೆ, ಆ ಬಾಗಿಲಿನಾಚೆ ಏನು ಕಾದಿದೆ ಎಂಬ ಅಂದಾಜನ್ನೇ ಮುಟ್ಟಿ ನೋಡಬೇಕಾಗುತ್ತದೆ.