ನೋವು ಹೋಯಿತು, ಹಲ್ಲು ವಾಸಿಯಾಗಿರಲಿಲ್ಲ

ತಿಪಟೂರಿನ ಹತ್ತಿರದ ಒಂದು ಚಿಕ್ಕ ಊರಲ್ಲಿ ನನ್ನ ಹಲ್ಲಿನ ಕ್ಲಿನಿಕ್ ಇದೆ. ಕೆಲವು ವರ್ಷದ ಹಿಂದೆ ಟೈಲರಿಂಗ್ ಮಾಡುವ ಒಬ್ಬ ಅಕ್ಕ ಬಂದಿದ್ದರು. ಕೆಳಗಿನ ಬಲಗಡೆ ದವಡೆ ಹಲ್ಲು. ಮೂರು ರಾತ್ರಿಯಿಂದ ನಿದ್ದೆ ಇಲ್ಲ. ತಣ್ಣೀರು ತಾಗಿದರೆ ಶುರುವಾದ ನೋವು ಹತ್ತು ನಿಮಿಷವಾದರೂ ಇಳಿಯುತ್ತಿರಲಿಲ್ಲ. ಎಕ್ಸ್‌ರೇ ನೋಡಿದೆ. ಹುಳುಕು ನರದ ತನಕ ಇಳಿದಿತ್ತು.

ನಾನು ಹೇಳಿದ್ದು ಇಷ್ಟು: "ನರಕ್ಕೆ ಇನ್ಫೆಕ್ಷನ್ ಆಗಿದೆ ಅಕ್ಕ, ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಬೇಕು. ಇನ್ನೆರಡು ಹಲ್ಲಿಗೆ ಸಿಮೆಂಟ್, ಒಂದು ಸಲ ಕ್ಲೀನಿಂಗ್, ಆ ಅಡ್ಡ ಬಂದಿರೋ ಬುದ್ಧಿ ಹಲ್ಲು ತೆಗೀಬೇಕು. ಎಲ್ಲಾ ಸೇರಿ 14,600 ಆಗುತ್ತೆ." ಅವರು ತಲೆಯಾಡಿಸಿದರು. "ಮನೇಲಿ ಕೇಳ್ಕೊಂಡು ಬರ್ತೀನಿ ಮೇಡಂ" ಅಂದರು. ನೋವಿನ ಮಾತ್ರೆ ಬರೆದುಕೊಟ್ಟೆ.

ಅವರು ಮತ್ತೆ ಬಂದದ್ದು ಐದು ತಿಂಗಳಾದ ಮೇಲೆ. ಕೆನ್ನೆ ಊದಿತ್ತು, ಬಾಯಿ ಪೂರ್ತಿ ತೆರೆಯಲು ಆಗುತ್ತಿರಲಿಲ್ಲ. ಹಲ್ಲು ಒಸಡಿನ ಕೆಳಗಿನವರೆಗೂ ಸೀಳಿತ್ತು. ಇನ್ನು ಅದನ್ನು ಉಳಿಸುವ ದಾರಿ ಇರಲಿಲ್ಲ. "ಇಷ್ಟು ದಿನ ಯಾಕೆ ಬಿಟ್ರಿ ಅಕ್ಕ?" ಅಂತ ಕೇಳಿದೆ. ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ: "ನಿಮ್ಮ ಮಾತ್ರೆ ತಗೊಂಡೆ, ಒಂದು ವಾರಕ್ಕೆ ನೋವು ಪೂರ್ತಿ ಹೋಯ್ತಲ್ಲ ಮೇಡಂ. ವಾಸಿ ಆಯ್ತು ಅಂದ್ಕೊಂಡೆ."

ಅವರ ತಪ್ಪು ಏನೂ ಇರಲಿಲ್ಲ. ನೋವು ಹೋದರೆ ವಾಸಿಯಾಯಿತು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ಹಲ್ಲಿನ ವಿಷಯದಲ್ಲಿ ಹಾಗಲ್ಲ ಅಂತ ಮೊದಲ ದಿನವೇ ಹೇಳಬೇಕಾದವಳು ನಾನು. ಒಳಗಿನ ನರ ಜೀವಂತ ಇರುವ ತನಕ ನೋಯುತ್ತದೆ. ಅದು ಸತ್ತ ದಿನ ನೋವು ನಿಲ್ಲುತ್ತದೆ. ಆಮೇಲೆ ಸೋಂಕು ಸದ್ದಿಲ್ಲದೆ ಬೇರಿನ ತುದಿ ದಾಟಿ ಮೂಳೆಗೆ ಇಳಿಯುತ್ತದೆ, ಅಲ್ಲಿ ಕೀವು ಕಟ್ಟುತ್ತದೆ. ಮೇಲ್ಗಡೆ ಹುಳುಕು ಗೋಡೆಯನ್ನು ತಿನ್ನುತ್ತಲೇ ಇರುತ್ತದೆ. ಒಂದು ದಿನ ರೊಟ್ಟಿಯ ಗಟ್ಟಿ ಅಂಚು ಸಿಕ್ಕರೂ ಸಾಕು, ಹಲ್ಲು ಸೀಳುತ್ತದೆ.

ಅಂದಿನಿಂದ ಹುಳುಕು ನರದ ತನಕ ಇಳಿದು ನೋಯುವ ಹಲ್ಲಿನ ಬಗ್ಗೆ ನನ್ನ ಮೊದಲ ಮಾತು ಇದೇ: "ಈ ನೋವು ತಾನಾಗೇ ನಿಲ್ಲಬಹುದು. ನಿಂತರೆ ನರ ಸತ್ತಿರಬಹುದು ಅಂತ ಅರ್ಥ, ವಾಸಿಯಾಗಿದೆ ಅಂತಲ್ಲ. ಆಗ ಇನ್ನೂ ಬೇಗ ಬನ್ನಿ." ತೆಂಗು ಬೆಳೆಯುವ ಸೀಮೆ ನಮ್ಮದು. ಮೇಲೆ ಚೆನ್ನಾಗಿ ಕಾಣುವ ಕಾಯಿ ಒಳಗೆ ಕೊಳೆತಿರಬಹುದು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

"ಆಂಟಿಬಯೋಟಿಕ್ ಕೊಡಿ ಮೇಡಂ, ಸಾಕು" ಅನ್ನುವವರಿಗೂ ಈಗ ಕಾರಣ ಹೇಳುತ್ತೇನೆ. ಮಾತ್ರೆ ರಕ್ತದ ಮೂಲಕ ಹೋಗುತ್ತದೆ. ಸತ್ತ ನರದೊಳಗೆ ರಕ್ತ ಓಡುವುದಿಲ್ಲ. ಹಾಗಾಗಿ ಮಾತ್ರೆಯಿಂದ ಊತ ಇಳಿಯಬಹುದು, ಆದರೆ ಸೋಂಕಿನ ಮೂಲ ಹಲ್ಲಿನೊಳಗೆ ಹಾಗೇ ಉಳಿಯುತ್ತದೆ.

ನನ್ನ ಎರಡನೇ ತಪ್ಪು ಆ 14,600 ಅನ್ನುವ ಒಂದೇ ಮೊತ್ತ. ಅದರಲ್ಲಿ ಆ ವಾರವೇ ಆಗಬೇಕಾದದ್ದು ರೂಟ್ ಕೆನಾಲ್ ಒಂದೇ, 4,000 ರೂಪಾಯಿ. ಕ್ಯಾಪ್ 4,500, ಅದನ್ನು ಆಮೇಲೆ ಒಂದು ತಿಂಗಳೊಳಗೆ ಹಾಕಿಸಿದರೆ ನಡೆಯುತ್ತಿತ್ತು. ಸಿಮೆಂಟು, ಕ್ಲೀನಿಂಗಿಗೆ ಮೂರ್ನಾಲ್ಕು ತಿಂಗಳು ಸಮಯವಿತ್ತು. ಬುದ್ಧಿ ಹಲ್ಲು ಏನೂ ತೊಂದರೆ ಕೊಡುತ್ತಿರಲಿಲ್ಲ, ಸುಮ್ನೆ ಗಮನಿಸುತ್ತಾ ಇರಬಹುದಿತ್ತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ತುರ್ತಾದದ್ದನ್ನು ನಾನೇ ಮುಚ್ಚಿಹಾಕಿದ್ದೆ. ಹೊಲಿಗೆಯ ದುಡ್ಡಲ್ಲಿ ಮನೆ ನಡೆಸುವವರಿಗೆ ಆ ಮೊತ್ತ ಕೇಳಿದರೆ ಮುಂದಿನ ಮಾತು ಕಿವಿಗೆ ಬೀಳುವುದು ಕಷ್ಟ.

ಈಗ ಒಂದು ಬಿಳಿ ಹಾಳೆ ತೆಗೆದುಕೊಂಡು ಹಲ್ಲಿನ ಚಿತ್ರ ಬರೆಯುತ್ತೇನೆ. ಪಕ್ಕದಲ್ಲಿ ಈ ವಾರ ಆಗಬೇಕಾದದ್ದು, ಕೆಲವು ತಿಂಗಳು ಕಾಯಬಹುದಾದದ್ದು, ಸದ್ಯ ಬೇಡವಾದದ್ದು ಅಂತ ಕನ್ನಡದಲ್ಲಿ ಬರೆದು, ಒಂದೊಂದರ ಮುಂದೆ ಎಷ್ಟು ಸಲ ಬರಬೇಕು, ಎಷ್ಟು ದುಡ್ಡು ಅಂತ ಹಾಕುತ್ತೇನೆ. ಕ್ಯಾಪಿನ ದುಡ್ಡನ್ನು ಮೊದಲೇ ಬರೆಯುತ್ತೇನೆ. ರೂಟ್ ಕೆನಾಲ್ ಮುಗಿದ ಮೇಲೆ "ಇನ್ನು ಕ್ಯಾಪ್ ಬೇಕು" ಅಂದರೆ ಮೋಸ ಹೋದೆ ಅನ್ನಿಸುತ್ತದೆ. ಎಷ್ಟೋ ಜನ ಅಲ್ಲಿಗೇ ನಿಲ್ಲಿಸುತ್ತಾರೆ, ತೆಳ್ಳಗಾದ ದವಡೆ ಹಲ್ಲು ವರ್ಷದೊಳಗೆ ಒಡೆದು ಬಂದದ್ದನ್ನು ನಾನೇ ನೋಡಿದ್ದೇನೆ.

ಕೀಳಿಸುವುದನ್ನೂ ಅದೇ ಹಾಳೆಯಲ್ಲಿ ಬರೆಯುತ್ತೇನೆ. ಮೊದಲು ಇದನ್ನು ಹೇಳಲು ಹಿಂಜರಿಯುತ್ತಿದ್ದೆ. ಹಲ್ಲು ಉಳಿಸುವುದೇ ನನ್ನ ಕೆಲಸ ಅನ್ನುವ ಹಟ. ಆದರೆ ನಮ್ಮಲ್ಲಿ ಕೀಳುವುದಕ್ಕೆ 800 ರೂಪಾಯಿ, ಒಂದೇ ದಿನದ ಕೆಲಸ. ಆ ದಾರಿ ಇದೆ ಅಂತ ಅವರಿಗೂ ಗೊತ್ತು. ನಾನು ಹೇಳದಿದ್ದರೆ ಅದರ ಮುಂದಿನ ಖರ್ಚು ಮಾತ್ರ ಅವರಿಗೆ ಗೊತ್ತಾಗುವುದಿಲ್ಲ. ಜಾಗ ಖಾಲಿ ಬಿಟ್ಟರೆ ವರ್ಷಗಳು ಹೋದ ಹಾಗೆ ಹಿಂದಿನ ಹಲ್ಲು ಆ ಕಡೆ ವಾಲಬಹುದು, ಮೇಲಿನ ಹಲ್ಲು ಕೆಳಗೆ ಇಳಿಯಬಹುದು. ಆಮೇಲೆ ಹಲ್ಲು ಕಟ್ಟಿಸಬೇಕು ಅಂದರೆ ಬ್ರಿಡ್ಜಿಗೆ ಮೂರು ಕ್ಯಾಪ್, 13,500 ರೂಪಾಯಿ. ಅದಕ್ಕೆ ಅಕ್ಕಪಕ್ಕದ ಎರಡು ಒಳ್ಳೆ ಹಲ್ಲನ್ನು ಉಜ್ಜಿ ಸಣ್ಣ ಮಾಡಬೇಕು. ಇಂಪ್ಲಾಂಟ್ ಆದರೆ ಸುಮಾರು 30,000, ಜೊತೆಗೆ ಕೆಲವು ತಿಂಗಳ ಓಡಾಟ. ರೂಟ್ ಕೆನಾಲಿಗೂ ನಾನು ಗ್ಯಾರಂಟಿ ಕೊಡುವುದಿಲ್ಲ. ಹೆಚ್ಚಿನವು ಬಹಳ ವರ್ಷ ಬಾಳುತ್ತವೆ, ಕೆಲವನ್ನು ಮತ್ತೆ ಮಾಡಬೇಕಾಗುತ್ತದೆ, ಕೆಲವು ಹಲ್ಲು ಕೊನೆಗೂ ಹೋಗುತ್ತವೆ. ಅದನ್ನೂ ಹೇಳುತ್ತೇನೆ.

ಹಾಳೆಯ ಕೊನೆಯಲ್ಲಿ ಕೆಂಪು ಪೆನ್ನಿನಲ್ಲಿ ಒಂದು ಮಾತು ಬರೆಯುತ್ತೇನೆ. ದವಡೆಯ ಕೆಳಗೆ ಅಥವಾ ಕತ್ತಿನ ಕಡೆ ಊತ ಇಳಿದರೆ, ಉಗುಳು ನುಂಗಲು ಕಷ್ಟವಾದರೆ, ಉಸಿರು ಕಟ್ಟಿದ ಹಾಗಾದರೆ, ಬೆಳಗಾಗುವ ತನಕ ಕಾಯಬೇಡಿ, ಆ ರಾತ್ರಿಯೇ ದೊಡ್ಡ ಆಸ್ಪತ್ರೆಗೆ ಹೋಗಿ. ಕೆಳದವಡೆಯ ಕೀವು ನಾಲಿಗೆಯ ಅಡಿಗೆ ಹರಡಿದರೆ ಉಸಿರಿನ ದಾರಿಯೇ ಮುಚ್ಚಿಕೊಳ್ಳಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಇದನ್ನು ಎರಡು ಸಲ ಓದಿ ಹೇಳುತ್ತೇನೆ.

"ಅರ್ಥ ಆಯ್ತಾ?" ಅಂತ ಕೇಳುವುದನ್ನು ಬಿಟ್ಟಿದ್ದೇನೆ. ಎಲ್ಲರೂ ಹೂಂ ಅನ್ನುತ್ತಾರೆ. "ಮನೆಗೆ ಹೋಗಿ ಏನಂತ ಹೇಳ್ತೀರಿ?" ಅಂತ ಕೇಳುತ್ತೇನೆ. ದುಡ್ಡಿನ ತೀರ್ಮಾನ ಆಗುವುದು ಮನೆಯಲ್ಲಿ, ಅಲ್ಲಿ ನಾನು ಇರುವುದಿಲ್ಲ. ಒಬ್ಬ ಅಜ್ಜಿ "ನರ ಕಿತ್ತು ಹಾಕ್ತಾರಂತೆ, ತಲೆಗೆ ಏನಾದರೂ ಆದರೆ ಅಂತ ಭಯ" ಅಂದಿದ್ದರು. ಆ ಭಯ ಹೊರಗೆ ಬಂದದ್ದರಿಂದಲೇ, ಈ ನರ ಹಲ್ಲಿನ ಒಳಗಿನದು ಮಾತ್ರ ಅಂತ ಚಿತ್ರ ತೋರಿಸಿ ಹೇಳಲು ಆಯಿತು.

ಹೋದ ತಿಂಗಳು ಮಂಡಿಯಲ್ಲಿ ಕಾಯಿ ಮೂಟೆ ಹೊರುವ ಒಬ್ಬ ಅಣ್ಣ ಬಂದಿದ್ದರು. ಆ ಅಕ್ಕನಿಗೆ ಇದ್ದಂಥದೇ ಹಲ್ಲು, ಅಂಥದೇ ನೋವು. ಹಾಳೆ ಹಿಡಿದು ಮನೆಗೆ ಹೋಗಿ, ಎರಡು ದಿನ ಬಿಟ್ಟು ಹೆಂಡತಿಯನ್ನು ಕರೆದುಕೊಂಡು ಬಂದರು. "ಮಗಳ ಕಾಲೇಜಿಗೆ ಈ ತಿಂಗಳು ಕಟ್ಟಬೇಕು ಮೇಡಂ. ಸುಮ್ನೆ ಬಿಟ್ಟರೆ ಕೀವು ಆಗುತ್ತೆ, ಅದು ಬೇಡ. ಕೀಳಿಸಿಬಿಡಿ. ಹಿಂದಿನ ಹಲ್ಲು ವಾಲುತ್ತಾ ಅಂತ ಆರು ತಿಂಗಳಿಗೊಮ್ಮೆ ಬಂದು ತೋರಿಸ್ತೀನಿ. ದುಡ್ಡು ಆದಾಗ ಕಟ್ಟಿಸ್ತೀನಿ" ಅಂದರು. ಉಳಿಸಬಹುದಾದ ಹಲ್ಲು. ನನಗೆ ಬೇಜಾರಾಯಿತು. ಆದರೆ ಅವರು ಒಂದನ್ನೂ ಬಿಡದೆ ಲೆಕ್ಕ ಹಾಕಿದ್ದರು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ಅವತ್ತೇ ಕಿತ್ತೆ.