ಒಂದು ವಾಕ್ಯ, ಒಂದು ಹಾರ್ನ್, ಎರಡು ಬೊಗಳು

ತೀರ್ಥಹಳ್ಳಿ ಕಡೆಯ ನಮ್ಮ ದೊಡ್ಡಪ್ಪನ ಹತ್ತಿರ ಅಡಿಕೆ ಕೊಯ್ಲು, ಸುಲಿತ, ಬೇಯಿಸೋದರ ಬಗ್ಗೆ ಮಾತಾಡಿಸಿ ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಿದ್ದೇನೆ. ಹೆಚ್ಚು ಕಡಿಮೆ ಎಲ್ಲವೂ ಚೆನ್ನಾಗೇ ಬಂದಿದೆ. ತೊಂದರೆ ಇರೋದು ಈ ವಾಕ್ಯದಲ್ಲಿ: "ಚೊಗರು ಹಾಕಿ ಬೇಯಿಸಿದ ಮೇಲೆ ಬಿಸಿಲಿಗೆ ಹಾಕ್ಬೇಕು, ಮೋಡ ಇದ್ರೆ ಬಣ್ಣ ಬರಲ್ಲ." ಚೊಗರು ಅಂದರೆ ಅಡಿಕೆ ಬೇಯಿಸಿ ಉಳಿದ ಗಟ್ಟಿ ಕೆಂಪು ನೀರು.

"ಮೇಲೆ" ಅನ್ನುವಾಗ ಗೇಟಿನ ಹತ್ತಿರ ಯಾರದೋ ಬೈಕು ಹಾರ್ನ್ ಹೊಡೆದಿದೆ. ಹಾರ್ನ್ ಕೇಳಿದ್ದೇ ತಡ, ನಾಯಿ ಎರಡು ಸಲ ಬೊಗಳಿದೆ. ಮೊದಲನೆಯದು "ಹಾಕ್ಬೇಕು" ಆದಮೇಲಿನ ನಿಲುಗಡೆಯಲ್ಲಿ, ಎರಡನೆಯದು ಸರಿಯಾಗಿ "ಬಣ್ಣ"ದ ಮೇಲೆ. ಇನ್ನೊಮ್ಮೆ ಹೇಳಿಸಬಹುದಿತ್ತು. ಆದರೆ ದೊಡ್ಡಪ್ಪ ಎರಡನೇ ಸಲ ಹೇಳುವಾಗ ಮಾತು ಪಾಠ ಒಪ್ಪಿಸಿದ ಹಾಗೆ ಆಗಿಬಿಡುತ್ತೆ. ಆದ್ದರಿಂದ ಇದನ್ನೇ ರಿಪೇರಿ ಮಾಡೋದು ಅಂತ ಕೂತೆ.

ಶನಿವಾರ: ಮೊದಲು ನೋಡೋದು

ಮೂಲ ಫೈಲ್ 48000 ಹರ್ಟ್ಸ್‌ನ ಮೋನೋ ವೇವ್ ಫೈಲು. ಅದನ್ನು ಮುಟ್ಟದೆ, ಈ ವಾಕ್ಯದ ಹಿಂದೆ ಮುಂದೆ ಐದೈದು ಸೆಕೆಂಡ್ ಸೇರಿಸಿ ಒಂದು ಪ್ರತಿ ಮಾಡಿಕೊಂಡೆ. ಕೆಲಸವೆಲ್ಲ ಆ ತುಂಡಿನ ಮೇಲೆ, ಅಡಾಸಿಟಿ ಅನ್ನುವ ಸದ್ದು ತಿದ್ದುವ ಸಾಫ್ಟ್‌ವೇರಿನಲ್ಲಿ.

ಹೀಗೆ ಸದ್ದು ಸಿಕ್ಕಿಕೊಂಡಾಗ ಎಲ್ಲರ ಕೈ ಮೊದಲು ಹೋಗೋದು `Noise Reduction` ಕಡೆಗೆ. ಇಲ್ಲಿ ಅದು ಕೆಲಸಕ್ಕೆ ಬರಲ್ಲ. ಫ್ಯಾನ್ ಸದ್ದಿನ ಹಾಗೆ ಒಂದೇ ಸಮ ಇರುವ ಗದ್ದಲದ ಮಾದರಿ ತೋರಿಸಿದರೆ, ಅದು ಆ ಮಾದರಿಯ ಮಟ್ಟಕ್ಕಿಂತ ಕೆಳಗಿರೋದನ್ನೆಲ್ಲ ತಗ್ಗಿಸುತ್ತೆ. ಬೊಗಳು ಹಾಗಲ್ಲ. ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಏರಿ ಇಳಿದು ಮುಗಿದುಹೋಗುತ್ತೆ, ಮಾತಿಗಿಂತ ಜೋರಾಗಿರುತ್ತೆ, ಮಾತು ಇರುವ ಜಾಗದಲ್ಲೇ ಇರುತ್ತೆ. ಅದನ್ನು ಮಾದರಿಯಾಗಿ ಕೊಟ್ಟರೆ ಬೊಗಳಿನ ಜೊತೆ ಮಾತೂ ಹೋಗಿ, ಉಳಿದದ್ದು ನೀರೊಳಗಿಂದ ಬಂದ ಹಾಗೆ ಗುಳುಗುಳು ಅನ್ನುತ್ತೆ. `Repair` ಅಂತ ಇನ್ನೊಂದಿದೆ. ಅದು ಒಮ್ಮೆಗೆ 128 ಸ್ಯಾಂಪಲ್ ಮಾತ್ರ ಸರಿಮಾಡುತ್ತೆ, ಅಂದರೆ ಇಲ್ಲಿ ಮೂರು ಮಿಲಿಸೆಕೆಂಡಿಗೂ ಕಡಿಮೆ. ಅದು ಚಿಟ್ ಅನ್ನುವ ಸದ್ದಿಗೆ ಇರೋದು.

ಹಾಗಾಗಿ ಟ್ರ್ಯಾಕನ್ನು ಸ್ಪೆಕ್ಟ್ರೋಗ್ರಾಂಗೆ ಬದಲಾಯಿಸಿದೆ. ಅಡ್ಡಕ್ಕೆ ಕಾಲ, ಎತ್ತರಕ್ಕೆ ಆವರ್ತನ, ಬಣ್ಣ ಹೊಳೆದಷ್ಟೂ ಸದ್ದು ಜೋರು. ಇಲ್ಲಿ ವಿಂಡೋ ಸೈಜ್, ಅಂದರೆ ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ತೆಗೆದುಕೊಂಡು ಲೆಕ್ಕ ಹಾಕೋದು ಅನ್ನೋದನ್ನು ಬದಲಾಯಿಸುತ್ತಾ ಇರಬೇಕು. 4096 ಇಟ್ಟರೆ ಹತ್ತಿರ ಹತ್ತಿರದ ಗೆರೆಗಳೂ ಬೇರೆ ಬೇರೆ ಕಾಣುತ್ತವೆ, ಆದರೆ ಸದ್ದು ಶುರುವಾದ ಜಾಗ ಅಡ್ಡಕ್ಕೆ ಮಸುಕಾಗುತ್ತೆ. 512 ಇಟ್ಟರೆ ಶುರು ಮತ್ತು ಕೊನೆ ಚೂಪಾಗಿ ಕಾಣುತ್ತವೆ, ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾರ್ನ್ ನೋಡೋಕೆ 4096, ಬೊಗಳು ನೋಡೋಕೆ 512 ಇಟ್ಟುಕೊಂಡೆ.

ಇನ್ನೊಂದು ವಿಷಯ ಶುರುವಿನಲ್ಲೇ ನೋಡಿಬಿಡಬೇಕು: ಬೊಗಳಿನ ಜಾಗದಲ್ಲಿ ಅಲೆಯ ತುದಿಗಳು ಚಪ್ಪಟೆಯಾಗಿ ಕತ್ತರಿಸಿಕೊಂಡಿವೆಯಾ ಅಂತ. ಚಪ್ಪಟೆಯಾಗಿದ್ದರೆ ಅದರ ಕೆಳಗಿದ್ದ ಮಾತು ಫೈಲಿಗೆ ಬಂದೇ ಇಲ್ಲ, ಯಾವ ಫಿಲ್ಟರಿಗೂ ಸಿಗಲ್ಲ. ನನ್ನದರಲ್ಲಿ ತುದಿಗಳು ದುಂಡಗೇ ಇದ್ದವು.

ಅದೇ ರಾತ್ರಿ: ಹಾರ್ನ್

ಹಾರ್ನ್ ಸುಲಭದ್ದು. ಸ್ಪೆಕ್ಟ್ರೋಗ್ರಾಂನಲ್ಲಿ ಅದು ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗಿನ ಅಡ್ಡಗೆರೆಗಳು: 410 ಹರ್ಟ್ಸ್, ಅದರ ಎರಡರಷ್ಟು 820, ಮೂರರಷ್ಟು 1230, ಹೀಗೆ 3700ರ ತನಕ. ದೊಡ್ಡಪ್ಪನ ದನಿಯದ್ದೂ ಗೆರೆಗಳೇ, ಆದರೆ 118ರ ಆಸುಪಾಸಿನ ಗುಣಕಗಳು, ಮಾತಿನ ಏರಿಳಿತದ ಜೊತೆ ಬಾಗುತ್ತವೆ. ನೆಟ್ಟಗಿನದ್ದು ಬೈಕು, ಬಾಗಿದ್ದು ದೊಡ್ಡಪ್ಪ. ದನಿಯ ಮೂರನೇ ಗೆರೆ 354, ನಾಲ್ಕನೆಯದು 472. ಹಾರ್ನಿನ 410 ನಡುವಿನ ಖಾಲಿಯಲ್ಲಿ ಬಿದ್ದಿದೆ. ಅದನ್ನು ತೆಗೆದರೆ ಮಾತಿಗೆ ಏನೂ ಆಗಲ್ಲ. ಪೇಚಿಗೆ ಸಿಕ್ಕಿದ್ದು 820. ದನಿಯ ಏಳನೇ ಗೆರೆ 826ರಲ್ಲಿ ಇದೆ, ಎರಡೂ ಒಂದರ ಮೇಲೊಂದು.

ಒಂಬತ್ತು ಗೆರೆಯನ್ನು ಒಂದೊಂದಾಗಿ ಆಯ್ಕೆ ಮಾಡಿ `Spectral edit parametric EQ` ಹಾಕಬಹುದು. ನನಗೆ ಅಷ್ಟು ತಾಳ್ಮೆ ಇಲ್ಲ. ಹಾರ್ನ್ ಇರುವಷ್ಟು ಉದ್ದ ಮಾತ್ರ ಆಯ್ಕೆ ಮಾಡಿ, ಅಂಚಿನಲ್ಲಿ ಚಿಟ್ ಅನ್ನದಿರಲಿ ಅಂತ Z ಒತ್ತಿ ಅಂಚುಗಳನ್ನು ಅಲೆ ಸೊನ್ನೆ ದಾಟುವ ಜಾಗಕ್ಕೆ ಸರಿಸಿ, ಅಡಾಸಿಟಿಗೆ ಕೋಡ್ ಬರೆದು ಕೊಡುವ `Nyquist Prompt`ನಲ್ಲಿ ಇದನ್ನು ಕೊಟ್ಟೆ:

```
(let ((s *track*))
  (dotimes (k 9 s)
    (let ((f (* 410.0 (+ k 1)))
          (g (if (= k 1) -9 -18)))
      (setf s (eq-band s f g (/ 50.0 f))))))
```

ಕೊನೆಯ ಸಂಖ್ಯೆ ಅಗಲ, ಆಕ್ಟೇವ್ ಲೆಕ್ಕದಲ್ಲಿ. 50ನ್ನು ಆವರ್ತನದಿಂದ ಭಾಗಿಸಿದರೆ ಎಲ್ಲ ಗೆರೆಗೂ ಸುಮಾರು 35 ಹರ್ಟ್ಸ್ ಅಗಲವೇ ಬರುತ್ತೆ. ಹಾಗೆ ಮಾಡದಿದ್ದರೆ ಮೇಲಿನ ಗೆರೆಗಳ ಹತ್ತಿರ ಕತ್ತರಿ ಅಗಲವಾಗಿ ಮಾತನ್ನೂ ಕತ್ತರಿಸುತ್ತೆ. ಎರಡನೇ ಗೆರೆ, ಅಂದರೆ ಆ 820, 9 ಡೆಸಿಬಲ್ ಮಾತ್ರ ಇಳಿದಿದೆ, ಉಳಿದವು 18. ಅದನ್ನೂ 18 ಇಳಿಸಿ ಕೇಳಿದೆ: "ಮೇಲೆ" ಅನ್ನೋದು ಕೊಡದೊಳಗೆ ಬಾಯಿಟ್ಟು ಹೇಳಿದ ಹಾಗಿತ್ತು. ಗೆರೆ ಪೂರ್ತಿ ಅಳಿಸಬೇಕು ಅನ್ನೋ ಹಟ ಬೇಡ. ಸ್ಪೆಕ್ಟ್ರೋಗ್ರಾಂನಲ್ಲಿ ಕಪ್ಪು ತೂತು ಕಂಡರೆ ಕಿವಿಗೂ ಅದು ತೂತಾಗೇ ಕೇಳುತ್ತೆ. ಈಗ ಹಾರ್ನ್ ಎಲ್ಲೋ ಕೆಳಗಿನ ರಸ್ತೆಯಲ್ಲಿ ಆದ ಹಾಗಿದೆ, ಅಷ್ಟು ಸಾಕು.

ಭಾನುವಾರ: ನಿಲುಗಡೆಯಲ್ಲಿದ್ದ ಬೊಗಳು

ಮಾತಿಲ್ಲದ ಜಾಗದ ಸದ್ದು ತೆಗೆಯೋದು ಏನು ಮಹಾ ಅನ್ನಿಸಬಹುದು. ಆಯ್ಕೆ ಮಾಡಿ ಸೈಲೆನ್ಸ್ ಮಾಡಿದರೆ ಮಾತ್ರ ಕೆಟ್ಟಿತು. ಹಿತ್ತಿಲಿನ ಹುಳುಗಳ ಸದ್ದು ಒಂದೇ ಸಮ ಇರೋದು ಅಲ್ಲಿ ತಟ್ಟನೆ ನಿಂತುಹೋಗುತ್ತೆ, ಬೊಗಳಿಗಿಂತ ಅದೇ ಎದ್ದು ಕೇಳುತ್ತೆ. ಅಲ್ಲಿಗೆ ಬೇಕಿದ್ದು ಅದೇ ಜಾಗದ, ಅದೇ ಹೊತ್ತಿನ ಮಾತಿಲ್ಲದ ತುಂಡು. ಎರಡು ನಿಮಿಷ ಮುಂಚೆ ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳೋಕೆ ನಿಲ್ಲಿಸಿದ್ದ ಕಡೆ ಅರ್ಧ ಸೆಕೆಂಡ್ ಸಿಕ್ಕಿತು. ಅದನ್ನು ತಂದು ಹಾಕಿ ಎರಡೂ ತುದಿಯಲ್ಲಿ ಸುಮಾರು 15 ಮಿಲಿಸೆಕೆಂಡ್ ಒಂದರೊಳಗೊಂದು ಕರಗುವಂತೆ ಮಾಡಿದೆ.

ಮೂಲದಲ್ಲಿ ಆ ನಿಲುಗಡೆಯಲ್ಲಿ ಉಸಿರು ಎಳೆದುಕೊಂಡದ್ದೂ ಇತ್ತು, ಬೊಗಳಿನ ಜೊತೆ ಅದೂ ಹೋಯಿತು. ಉಸಿರಿಲ್ಲದೆ "ಮೋಡ" ಶುರುವಾದರೆ ಎಲ್ಲಿಂದಲೋ ತಂದು ಅಂಟಿಸಿದ ಹಾಗೆ ಕೇಳುತ್ತೆ. ಪಕ್ಕದ ವಾಕ್ಯದಿಂದ ಒಂದು ಉಸಿರು ಎರವಲು ತಂದೆ.

ಬೊಗಳಿನ ಬಾಲ ಇನ್ನೊಂದು ತಲೆನೋವು. ಅಂಗಳದ ಗೋಡೆಗೆ ಬಡಿದು ವಾಪಸ್ ಬಂದ ಸದ್ದು "ಮೋ" ತನಕ ಹಬ್ಬಿತ್ತು. ಇಲ್ಲಿ ಮಕಾರ ಕೈಹಿಡಿಯಿತು. ತುಟಿ ಮುಚ್ಚಿ ಮೂಗಿನಲ್ಲಿ ಹೇಳುವ ಆ ಸದ್ದಿನ ಜೀವ ಬಹುಪಾಲು 300 ಹರ್ಟ್ಸ್‌ನ ಕೆಳಗಿದೆ, ಬಾಲ ಇದ್ದದ್ದು 600ರ ಮೇಲೆ. ಮಕಾರದಷ್ಟು ಉದ್ದಕ್ಕೆ 600ರಿಂದ 2500ರ ತನಕ ಪೆಟ್ಟಿಗೆ ಎಳೆದು 12 ಡೆಸಿಬಲ್ ಇಳಿಸಿದೆ. ಸ್ವರ ಶುರುವಾದ ಮೇಲೆ ಮುಟ್ಟಲಿಲ್ಲ, ಅಲ್ಲಿ ಓಕಾರದ ಜೋರಿನಲ್ಲಿ ಬಾಲ ತಾನೇ ಮುಚ್ಚಿಹೋಗುತ್ತೆ.

ಅದರ ಮುಂದಿನ ವಾರ: "ಬಣ್ಣ"

ಇದು ನಿಜವಾದ ಗಂಟು. ಎರಡನೇ ಬೊಗಳು "ಬಣ್ಣ"ದ ಮೊದಲ ಅಕಾರದ ಅರ್ಧದಿಂದ ಣ್ಣ ಮುಗಿಯುವ ತನಕ ಕೂತಿದೆ. ಅದರ ಗೆರೆಗಳು ಹಾರ್ನಿನ ಹಾಗೆ ನೆಟ್ಟಗಿಲ್ಲ, ಕಮಾನಿನ ಹಾಗೆ ಏರಿ ಇಳಿಯುತ್ತವೆ, ಗೆರೆಗಳ ನಡುವೆಯೂ ಕರಕರ ತುಂಬಿದೆ. ಬೊಗಳಿನ ಜೋರೆಲ್ಲ ಇರೋದು 500ರಿಂದ 2000 ಹರ್ಟ್ಸ್ ನಡುವೆ. ಅಕಾರವನ್ನು ಅಕಾರ ಅಂತ ಗುರುತಿಸೋಕೆ ಕಿವಿಗೆ ಬೇಕಾದ ಎರಡು ಗಟ್ಟಿ ಪಟ್ಟಿಗಳೂ, ಗಂಡಸರ ದನಿಯಲ್ಲಿ ಸುಮಾರು 700 ಮತ್ತು 1200, ಅಲ್ಲೇ ಇವೆ. ಅಲ್ಲಿ ಇಳಿಸಿದಷ್ಟೂ ನಾಯಿಯ ಜೊತೆ "ಬಣ್ಣ"ವೂ ಹೋಗುತ್ತೆ. ಕಳೆಯೋ ಲೆಕ್ಕ ಇಲ್ಲಿಗೆ ಮುಗಿಯಿತು, ಇನ್ನು ಉಳಿದದ್ದು ಬದಲಿ ತಂದು ಹಾಕೋದು.

ಅಡಿಕೆಯ ಮಾತಲ್ಲಿ "ಬಣ್ಣ"ಕ್ಕೆ ಬರವಿಲ್ಲ. ಒಂದರಲ್ಲಿ ದನಿ ಪ್ರಶ್ನೆಯ ಹಾಗೆ ಮೇಲೆ ಹೋಗಿತ್ತು, ಒಂದರಲ್ಲಿ ನಗುತ್ತಾ ಹೇಳಿದ್ದರು. ಕೊನೆಗೆ "ಬಣ್ಣ ಬರ್ಬೇಕು ಅಂದ್ರೆ" ಅನ್ನುವ ಕಡೆ ಸರಿಯಾದದ್ದು ಸಿಕ್ಕಿತು. ಅಲ್ಲೂ ಮುಂದಿನ ಅಕ್ಷರ ಬ. ಇದು ಮುಖ್ಯ, ಯಾಕಂದರೆ ಬಕಾರ ಹೇಳುವ ಮುಂಚೆ ತುಟಿ ಮುಚ್ಚಿಕೊಂಡಾಗ ಕ್ಷಣಕಾಲ ಗಂಟಲಿನ ಸಣ್ಣ ಗುನುಗು ಬಿಟ್ಟರೆ ಬೇರೆ ಸದ್ದೇ ಇರಲ್ಲ. ಹೊಲಿಗೆ ಹಾಕೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. "ಬಣ್ಣ"ದ ಬಕಾರದಲ್ಲಿ ಒಂದು ಕತ್ತರಿ, "ಬರಲ್ಲ"ದ ಬಕಾರದಲ್ಲಿ ಇನ್ನೊಂದು. ಸ್ವರದ ನಡುವೆ ಕತ್ತರಿಸಿದ್ದರೆ ಎಷ್ಟು ಕರಗಿಸಿದರೂ ದನಿ ಎಡವಿದ ಹಾಗೆ ಕೇಳುತ್ತಿತ್ತು.

ತಂದ ತುಂಡಿನ ಶ್ರುತಿ 128 ಹರ್ಟ್ಸ್, ಇಲ್ಲಿ ಬೇಕಾದದ್ದು 118. `Change Pitch`ನಲ್ಲಿ 1.4 ಸೆಮಿಟೋನ್ ಇಳಿಸಿದೆ. ಎರಡಕ್ಕಿಂತ ಹೆಚ್ಚು ಇಳಿಸಬೇಕಾಗಿದ್ದರೆ ಬೇರೆ ತುಂಡು ಹುಡುಕುತ್ತಿದ್ದೆ, ದನಿ ಬೇರೆ ಮನುಷ್ಯನದ್ದಾಗಲು ಶುರುವಾಗುತ್ತೆ. ಉದ್ದ 30 ಮಿಲಿಸೆಕೆಂಡ್ ಕಡಿಮೆ ಇತ್ತು, ಎಳೆಯಲಿಲ್ಲ. ಅಷ್ಟು ಬೇಗ ಹೇಳಿದರೆ ಯಾರಿಗೂ ಗೊತ್ತಾಗಲ್ಲ, ಎಳೆದರೆ ಗೊತ್ತಾಗುತ್ತೆ.

ಅತ್ತಿಗೆಗೆ ಏನೂ ಹೇಳದೆ ಇಯರ್‌ಫೋನ್ ಕೊಟ್ಟು ಕೇಳಿಸಿದೆ. ನಾಯಿ ಇತ್ತು ಅಂತ ಅವರಿಗೆ ಗೊತ್ತಾಗಲಿಲ್ಲ. ಆದರೆ, "ಬಣ್ಣ ಅನ್ನೋವಾಗ ಮಾವ ಮುಂದೆ ಬಗ್ಗಿದ್ರಾ?" ಅಂದರು.

ಕಿವಿ ಅಂದರೆ ಹೀಗಿರಬೇಕು. ಆ ಇನ್ನೊಂದು ವಾಕ್ಯದಲ್ಲಿ ದೊಡ್ಡಪ್ಪ ಮೈಕಿಗೆ ಹತ್ತಿರ ಇದ್ದರು. ನನ್ನದು ಒಂದೇ ದಿಕ್ಕಿನಿಂದ ಹಿಡಿಯುವ ಮೈಕು, ಇಂಥದಕ್ಕೆ ಬಾಯಿ ಹತ್ತಿರ ಬಂದಷ್ಟೂ ತಗ್ಗಿನ ಸ್ವರ ಉಬ್ಬುತ್ತೆ. ಸದ್ದಿನ ಮಟ್ಟ ಸರಿಹೊಂದಿಸಿದ್ದರೂ ಈ ಉಬ್ಬು ಉಳಿದಿತ್ತು. ಆ ತುಂಡಿಗೆ ಮಾತ್ರ 250 ಹರ್ಟ್ಸ್‌ನ ಕೆಳಗೆ 3 ಡೆಸಿಬಲ್ ಇಳಿಸಿದ ಮೇಲೆ ದೊಡ್ಡಪ್ಪ ಮತ್ತೆ ತಮ್ಮ ಕುರ್ಚಿಗೆ ಒರಗಿದರು.

ಈಗಿನ ಸ್ಥಿತಿ

ಇಯರ್‌ಫೋನಿನಲ್ಲೂ ಫೋನಿನ ಸ್ಪೀಕರಿನಲ್ಲೂ ವಾಕ್ಯ ನಿಲ್ಲುತ್ತೆ. "ಬಿಸಿಲಿಗೆ"ಯ ಮೊದಲ ಬಿ ಮೇಲೆ ಹಾರ್ನಿನ ಪ್ರತಿಧ್ವನಿ ಎಳೆಯಷ್ಟು ಉಳಿದಿದೆ, ಅದನ್ನು ಬಿಟ್ಟಿದ್ದೇನೆ. ಅದನ್ನು ತೆಗೆಯೋಕೆ ಹೋದರೆ ಇಕಾರ ಮಂಕಾಗುತ್ತೆ.

ಮೂಲ ಫೈಲಿನ ಪಕ್ಕದಲ್ಲೇ ಒಂದು ಚೀಟಿ ಫೈಲು ಇಟ್ಟಿದ್ದೇನೆ: "ಬಣ್ಣ" ಯಾವ ವಾಕ್ಯದ್ದು, ಉಸಿರು ಎಲ್ಲಿಯದು, ಯಾವ ನಿಮಿಷದಿಂದ ತಂದದ್ದು. ಅವರು ಹೇಳಿದ ಮಾತನ್ನೇ ಅದೇ ಅರ್ಥದಲ್ಲಿ ಹಾಕಿದ್ದರೂ ಇದು ದಾಖಲೆ. ಅವರು "ಬರಲ್ಲ" ಅಂದ ಕಡೆ ನಾಯಿ ಬೊಗಳಿದ್ದು, ನನಗೆ ಬೇರೆ ಕಡೆ ಬರೀ "ಬರುತ್ತೆ" ಸಿಕ್ಕಿದ್ದರೆ ಬೊಗಳನ್ನೇ ಉಳಿಸಿಕೊಳ್ಳುತ್ತಿದ್ದೆ. ಮುಂದಿನ ಕೆಲಸ ಸುಲಿಯುವ ಮೆಟ್ಟುಗತ್ತಿಯ ಬಗ್ಗೆ ಹೇಳಿದ ಭಾಗ. ಅಲ್ಲಿ ಪ್ರೆಶರ್ ಕುಕ್ಕರಿನ ಸೀಟಿ ಇದೆ, ಪೂರ್ತಿ ಒಂದೂವರೆ ಸೆಕೆಂಡ್, ಅದೂ ಸಕಾರಗಳ ಮೇಲೆ.