ಪಂಪ್ ಸರಿ, ಪೈಪ್ ಸರಿ, ನೀರು ಮಾತ್ರ ಉಗುರು ಬೆಚ್ಚಗೆ

ಬಿಸಿ ನೀರನ್ನು ಪೈಪಿನಲ್ಲಿ ಸುತ್ತಿಸುವ ಪಂಪ್ ಹಾಕಿದ ಮೇಲೂ ಷವರ್ ನೀರು ಯಾಕೆ ಬೆಚ್ಚಗಷ್ಟೇ ಬರುತ್ತಿತ್ತು ಅನ್ನುವುದಕ್ಕೆ ಕೊನೆಗೂ ಕಾರಣ ಸಿಕ್ಕಿತು! ಮೇಲಿನ ಮಹಡಿಯ ಕಡೆಯ ಬಚ್ಚಲಿನಲ್ಲಿ ನಲ್ಲಿ ತಿರುಗಿಸಿದ ಕೂಡಲೇ ಬಿಸಿ ನೀರು ಬರುತ್ತಿದೆ. ಬಂದದ್ದು ಬಿಸಿಯಾಗಿಯೇ ಉಳಿಯುತ್ತಿದೆ. ತಲೆ ಕೆಡಿಸಿದ್ದು ಈ ಉಳಿಯುವ ಪ್ರಶ್ನೆಯೇ.

ಪೈಪ್ ಎಳೆಯುವುದು, ಇನ್ಸುಲೇಷನ್ ಸುತ್ತುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಅದನ್ನು ಬಿಡುತ್ತೇನೆ. ಟ್ಯಾಂಕಿನಿಂದ ಆ ಬಚ್ಚಲಿಗೆ 25 ಮೀಟರ್, ಪೈಪಿನ ಒಳವ್ಯಾಸ 20 ಮಿ.ಮೀ. ಅದರಲ್ಲಿ ಹತ್ತಿರ ಹತ್ತಿರ 8 ಲೀಟರ್ ನೀರು ನಿಲ್ಲುತ್ತದೆ. ನಿಮಿಷಕ್ಕೆ 6 ಲೀಟರ್ ಬಿಡುವ ಷವರ್ ಕೆಳಗೆ ಅಷ್ಟು ತಣ್ಣೀರು ಹೋಗುವವರೆಗೆ 80 ಸೆಕೆಂಡ್ ಸುಮ್ನೆ ನಿಲ್ಲಬೇಕಿತ್ತು. ಅದಕ್ಕೇ ಪೈಪಿನಲ್ಲಿ ತಣಿದ ನೀರನ್ನು ಟ್ಯಾಂಕಿಗೆ ವಾಪಸ್ ತರುವ ರಿಟರ್ನ್ ಲೈನ್, 15 ಮಿ.ಮೀ.ದು. ಅದು ಮೇಲಿಂದ ನೇರ ಇಳಿದು, ಪಂಪ್ ದಾಟಿ, ಟ್ಯಾಂಕಿನ ತಳಕ್ಕೆ ಸೇರುತ್ತದೆ.

ಪಂಪ್ ಹಾಕಿದ ಮೇಲೆ ಕಾಯುವುದು ತಪ್ಪಿತು. ಆದರೆ ಸ್ನಾನಕ್ಕೆ ನಿಂತು ಎರಡು ನಿಮಿಷ ಆಗುವಷ್ಟರಲ್ಲಿ ನೀರು ಉಗುರು ಬೆಚ್ಚಗಾಗುತ್ತಿತ್ತು, ಮತ್ತೆ ಏರುತ್ತಲೇ ಇರಲಿಲ್ಲ. ಟ್ಯಾಂಕ್ ಮಾತ್ರ 60 ಡಿಗ್ರಿಯಲ್ಲೇ ಇತ್ತು. ಮೊದಲು ಅನುಮಾನ ಹೋಗಿದ್ದು ಬಿಸಿ ನೀರು ತಣ್ಣೀರು ಬೆರೆಸುವ ಷವರಿನ ಮಿಕ್ಸರ್ ಮೇಲೆ, ಒಳಗಿಂದ ತಣ್ಣೀರು ಬಿಸಿ ಲೈನಿಗೆ ದಾಟುತ್ತಿದೆಯೇನೋ ಅಂತ. ಅದನ್ನು ನೋಡುವುದು ಸುಲಭ: ಟ್ಯಾಂಕಿಗೆ ಬರುವ ತಣ್ಣೀರಿನ ವಾಲ್ವ್ ಮುಚ್ಚಿ, ಬಿಸಿ ನಲ್ಲಿ ಬಿಡಿ. ಸ್ವಲ್ಪ ಹೊತ್ತಾದರೂ ನೀರು ನಿಲ್ಲದಿದ್ದರೆ ಮಿಕ್ಸರ್ ದಾಟಿಸುತ್ತಿದೆ ಅಂತ ಅರ್ಥ. ನಮ್ಮಲ್ಲಿ ನಿಂತಿತು. ಮಿಕ್ಸರ್ ನಿರಪರಾಧಿ.

ಆಮೇಲೆ ಟೈಮರಿನಲ್ಲಿ ಪಂಪ್ ಆಫ್ ಆಗಿದ್ದಾಗ ಮೇಲೆ ಷವರ್ ಬಿಡಿಸಿ, ನಾನು ಕೆಳಗೆ ರಿಟರ್ನ್ ಪೈಪಿನ ಇನ್ಸುಲೇಷನ್ ಬಿಡಿಸಿ ಕೈ ಇಟ್ಟು ನಿಂತೆ. ಬಿಸಿ ಇದ್ದ ಪೈಪ್ ಕೈಯಡಿಯಲ್ಲೇ ತಣ್ಣಗಾಗುತ್ತಾ ಹೋಯಿತು, ಅದೂ ಟ್ಯಾಂಕಿನ ಕಡೆಯಿಂದ ಮೇಲಕ್ಕೆ! ಅಂದರೆ ನೀರು ಉಲ್ಟಾ ಹೋಗುತ್ತಿದೆ. ಷವರ್ ತೆರೆದಾಗ ಅಲ್ಲಿ ಒತ್ತಡ ಇಳಿಯುತ್ತದೆ, ನೀರಿಗೆ ಅಲ್ಲಿಗೆ ಎರಡು ದಾರಿ ಇದೆ. ಒಂದು ಟ್ಯಾಂಕಿನ ಮೇಲಿನ ಬಿಸಿ ನೀರಿನದು, ಇನ್ನೊಂದು ರಿಟರ್ನ್ ಮೂಲಕ ತಳದ ತಣ್ಣೀರಿನದು. ರಿಟರ್ನಿನಲ್ಲಿ ಮೊದಲೇ ಇದ್ದ ನಾಲ್ಕೂವರೆ ಲೀಟರ್ ಬಿಸಿ ನೀರು ಮುಗಿಯುವವರೆಗೆ ಏನೂ ಗೊತ್ತಾಗುವುದಿಲ್ಲ. ಆ ಎರಡು ನಿಮಿಷದ ಗುಟ್ಟು ಇದೇ. ರಿಟರ್ನಿನ ಬಾಲ್ ವಾಲ್ವ್ ಮುಚ್ಚಿ ಮತ್ತೆ ಷವರ್ ಬಿಟ್ಟೆವು, ನೀರು ಕೊನೆಯವರೆಗೂ ಬಿಸಿ. ಖಾತ್ರಿಯಾಯಿತು.

ಇದನ್ನು ತಡೆಯಲೆಂದೇ ಅಲ್ವಾ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಅಂದರೆ ಎನ್‌ಆರ್‌ವಿ ಹಾಕುವುದು? ಹಾಕಿತ್ತು. ಪಂಪಿನ ಜೊತೆ ಒಂದೇ ಸೆಟ್ ಆಗಿ ಬಂದದ್ದು, ಬಾಣದ ಗುರುತೂ ಸರಿಯಾಗಿತ್ತು. ಬಿಚ್ಚಿ ನೋಡಿದರೆ ಒಳಗೆ ಸ್ವಿಂಗ್ ತರಹದ್ದು, ಬಾಗಿಲಿನಂತೆ ತೂಗುವ ಹಿತ್ತಾಳೆ ಪ್ಲೇಟ್. ಇದು ಅಡ್ಡ ಪೈಪಿನಲ್ಲಿ, ಇಲ್ಲವೇ ನೀರು ಮೇಲಕ್ಕೆ ಹೋಗುವ ಪೈಪಿನಲ್ಲಿ ಕೆಲಸ ಮಾಡುತ್ತದೆ. ನೀರು ಕೆಳಗಿಳಿಯುವ ಪೈಪಿನಲ್ಲಿ ಪ್ಲೇಟ್ ತನ್ನ ಭಾರಕ್ಕೇ ಜೋತುಬಿದ್ದು ತೆರೆದೇ ಇರುತ್ತದೆ, ಉಲ್ಟಾ ಹರಿವು ಮೆಲ್ಲಗಿದ್ದರೆ ಅದನ್ನು ಎತ್ತಿ ಮುಚ್ಚಲು ಸಾಲುವುದಿಲ್ಲ. ರಿಟರ್ನ್ ಮೇಲಿಂದ ಇಳಿಯುತ್ತದೆ ಅಂತ ಆರ್ಡರ್ ಕೊಡುವಾಗಲೇ ಚಿತ್ರ ಬರೆದು ಕಳಿಸಿದ್ದೆ. ಆದರೂ ಅಂಗಡಿಯವರು ಇದನ್ನೇ ಜೋಡಿಸಿ ಕಳಿಸಿದ್ದಾರೆ. ಕೇಳಿದರೆ "ಎಲ್ಲಾ ಎನ್‌ಆರ್‌ವಿ ಒಂದೇ ಸಾರ್" ಅಂತಾರೆ. ಹೊಟ್ಟೆ ಉರಿಯುತ್ತದೆ. ಇದೇ ಅಂಗಡಿ ಮೊದಲು ಬೀಡುಕಬ್ಬಿಣದ ಪಂಪ್ ಕಳಿಸಿತ್ತು. ಸ್ನಾನದ ನೀರಿನಲ್ಲಿ ಸದಾ ಹೊಸ ಆಮ್ಲಜನಕ ಇರುತ್ತದೆ, ಬೀಡುಕಬ್ಬಿಣ ತುಕ್ಕು ಹಿಡಿಯುತ್ತದೆ. ಕಂಚು ಅಥವಾ ಸ್ಟೇನ್‌ಲೆಸ್ ಬಾಡಿಯೇ ಬೇಕು ಅಂತ ಜಗಳವಾಡಿ ಬದಲಾಯಿಸಿಕೊಂಡಿದ್ದೆ.

ಈಗ ಸ್ಪ್ರಿಂಗ್ ಇರುವ ಎನ್‌ಆರ್‌ವಿ ಹಾಕಿದ್ದೇನೆ. ಇದನ್ನು ಯಾವ ದಿಕ್ಕಿಗಾದರೂ ಕೂರಿಸಬಹುದು. ತೆರೆಯಲು ಸುಮಾರು 35 ಸೆಂ.ಮೀ. ನೀರಿನ ಒತ್ತಡ ಬೇಕು. ನಮ್ಮ ಪಂಪ್ ಒಂದೂವರೆ ಮೀಟರ್ ನೀರಿನ ಒತ್ತಡ ಕೊಡುತ್ತದೆ, ಹಾಗಾಗಿ ಚಿಂತೆಯಿಲ್ಲ.

ಬೋನಸ್ ಒಂದು ಸಿಕ್ಕಿತು. ಮೊದಲು ರಾತ್ರಿ ಪಂಪ್ ಆಫ್ ಇದ್ದರೂ ರಿಟರ್ನ್ ಪೈಪ್ ಬೆಚ್ಚಗೇ ಇರುತ್ತಿತ್ತು. ಬಿಸಿ ನೀರು ಹಗುರ, ತಾನೇ ಮೇಲೇರಿ, ತಣಿದು, ರಿಟರ್ನಿನಲ್ಲಿ ಇಳಿದು ಸುತ್ತುತ್ತಿತ್ತು. 6 ಮೀಟರ್ ಎತ್ತರಕ್ಕೆ 60 ಮತ್ತು 40 ಡಿಗ್ರಿ ನೀರಿನ ತೂಕದ ವ್ಯತ್ಯಾಸದಿಂದ ಹುಟ್ಟುವ ಒತ್ತಡ ಬರೀ 5 ಸೆಂ.ಮೀ. ಸ್ಪ್ರಿಂಗನ್ನು ತಳ್ಳಲು ಅದು ಸಾಲದು, ಸುತ್ತಾಟ ನಿಂತಿತು.

ಇದರಿಂದಲೇ ಮುಂದಿನ ಪ್ರಾಜೆಕ್ಟ್ ತಲೆಗೆ ಬಂತು: ಟೈಮರ್ ತೆಗೆದು ಬಚ್ಚಲಿನ ಹೊರಗೆ ಒಂದು ಬಟನ್. ಇನ್ಸುಲೇಷನ್ ಇದ್ದರೂ ಮೀಟರಿಗೆ 10 ವ್ಯಾಟ್ ಶಾಖ ಸೋರಿದರೆ, ಹೋಗಿ ಬರುವ 50 ಮೀಟರಿಗೆ 500 ವ್ಯಾಟ್. ದಿನವಿಡೀ ಓಡಿಸಿದರೆ 12 ಯೂನಿಟ್! ಬಟನ್ ಒತ್ತಿದಾಗ ಪಂಪ್ ಶುರುವಾಗಿ, ರಿಟರ್ನ್ ಪೈಪಿಗೆ ಕಟ್ಟಿದ ಸೆನ್ಸರ್ 40 ಡಿಗ್ರಿ ಮುಟ್ಟಿದಾಗ ನಿಲ್ಲಬೇಕು. ಸೆನ್ಸರನ್ನು ಪಂಪಿನ ಹತ್ತಿರ ಕಟ್ಟಿದರೆ ರಿಟರ್ನ್ ಪೈಪ್ ಪೂರ್ತಿ ಬಿಸಿಯಾಗುವವರೆಗೆ ಓಡುತ್ತದೆ, ಅದಕ್ಕೇ ಮೇಲೆ, ರಿಟರ್ನ್ ಶುರುವಾಗುವ ಜಾಗದಲ್ಲೇ ಕಟ್ಟುತ್ತೇನೆ. ವೈರ್ ಎಳೆಯಲು ಹಳೆಯ ಕಾಂಡ್ಯೂಟ್ ಖಾಲಿ ಇದೆ.

ಅಂದಹಾಗೆ, ಪಂಪನ್ನು ತೀರಾ ಕಡಿಮೆ ಸ್ಪೀಡಿನಲ್ಲಿ ಇಟ್ಟರೆ ಹೊಸ ವಾಲ್ವ್ ಟಿಕ್ ಟಿಕ್ ಅನ್ನುತ್ತದೆ. ಹರಿವು ಕಮ್ಮಿಯಾಗಿ ಪ್ಲೇಟ್ ಪೂರ್ತಿ ತೆರೆಯದೆ ಬಡಿದುಕೊಳ್ಳುವ ಸದ್ದು ಅದು. ಒಂದು ಸ್ಪೀಡ್ ಏರಿಸಿದೆ, ನಿಂತಿತು.